ತಲೆಯಲ್ಲಿ ಯಾರು, ಬಾಲದಲ್ಲಿ ಎಷ್ಟು ಜನ: ಅರಬ್ಬಿ ಕ್ರಿಯಾಪದದ ಲೆಕ್ಕಾಚಾರ

ದುಬೈ, ದೋಹಾ, ಮಸ್ಕತ್ತಿನ ಕಟ್ಟಡ ಕೆಲಸದ ಜಾಗಗಳಲ್ಲಿ, ಗಲ್ಲಿಯ ಕಿರಾಣಿ ಅಂಗಡಿಗಳಲ್ಲಿ ಒಂದು ಬಗೆಯ ಅರಬ್ಬಿ ನಡೆಯುತ್ತದೆ. ನಮ್ಮ ಕರಾವಳಿಯಿಂದ ಹೋದವರು, ಮಲಯಾಳಿಗಳು, ಬಾಂಗ್ಲಾದೇಶದವರು, ನೇಪಾಳಿಗಳು ಎಲ್ಲರೂ ಸೇರಿ, ಅರಬರ ಜೊತೆಗೂ ತಮ್ಮತಮ್ಮಲ್ಲೂ ಕೆಲಸ ಸಾಗಿಸಲು ಕಟ್ಟಿಕೊಂಡ ಮಾತು ಅದು. ಭಾಷಾಶಾಸ್ತ್ರಜ್ಞರು ಅದಕ್ಕೆ ಗಲ್ಫ್ ಪಿಜಿನ್ ಅರೇಬಿಕ್ ಎಂದು ಹೆಸರಿಟ್ಟಿದ್ದಾರೆ. ಆ ಮಾತಿನಲ್ಲಿ ‘ನನಗೆ ಗೊತ್ತಿಲ್ಲ’ ಅನ್ನಲು ‘ಅನಾ ಮಾ ಯಾರಿಫ್’ ಅನ್ನುತ್ತಾರೆ. ‘ನಿನಗೆ ಗೊತ್ತಿಲ್ಲ’ ಅನ್ನಬೇಕಾದರೆ ‘ಇಂತ ಮಾ ಯಾರಿಫ್’. ಅನಾ ಎಂದರೆ ನಾನು, ಇಂತ ಎಂದರೆ ನೀನು, ಮಾ ಎಂದರೆ ಇಲ್ಲ. ಯಾರಿಫ್ ಮಾತ್ರ ಕದಲುವುದಿಲ್ಲ.

ಕೇಳುವ ಅರಬನಿಗೆ ಅರ್ಥವಾಗುತ್ತದೆ, ಕೆಲಸವೂ ಆಗುತ್ತದೆ. ಆದರೆ ಅವನ ಕಿವಿಗೆ ಅದು ‘ನಾನು ಅರಿಯುತ್ತಾನೆ, ಇಲ್ಲ’ ಎಂದ ಹಾಗೆ ಬೀಳುತ್ತದೆ. ಯಾಕೆಂದರೆ ಆ ಪದದ ಮೊದಲಿನ ‘ಯ’ ಸುಮ್ಮನೆ ಕೂತ ಅಕ್ಷರವಲ್ಲ. ‘ಅವನು’ ಎಂಬುದು ಅಲ್ಲೇ ಇದೆ. ಅರಬನಾದರೆ ‘ಯ’ ತೆಗೆದು ‘ಅ’ ಇಟ್ಟು ‘ಮಾ ಅ’ರಿಫ್’ ಎಂದು ಮುಗಿಸುತ್ತಾನೆ. ‘ನಾನು’ ಎಂದು ಬೇರೆ ಹೇಳುವ ಅಗತ್ಯವೇ ಅವನಿಗಿಲ್ಲ. (ಗಂಟಲಿನ ಆಳದಿಂದ ಹೊರಡುವ ಐನ್ ಎಂಬ ಅಕ್ಷರಕ್ಕೆ ಕನ್ನಡದಲ್ಲಿ ಸಾಟಿ ಇಲ್ಲ. ಅದಿರುವ ಜಾಗವನ್ನು ಇಲ್ಲಿ ’ ಗುರುತಿನಿಂದ ತೋರಿಸಿದ್ದೇನೆ.)

ಕ್ರಿಯಾಪದವೇ ಆಳನ್ನು ಹೇಳುವುದು ಕನ್ನಡದವರಿಗೆ ಹೊಸದೇನಲ್ಲ. ‘ಬರೆದೆ’, ‘ಬರೆದಳು’, ‘ಬರೆಯುತ್ತೇವೆ’ ಅಂದರೆ ಸಾಕು, ಯಾರು ಎಂದು ಯಾರೂ ಕೇಳುವುದಿಲ್ಲ. ನಮ್ಮ ವ್ಯಾಕರಣದಲ್ಲಿ ಇವಕ್ಕೆ ಆಖ್ಯಾತ ಪ್ರತ್ಯಯಗಳು ಎನ್ನುತ್ತಾರೆ, ಕಾಲ ಯಾವುದೇ ಇರಲಿ ಇವು ಬರುವುದು ಕೊನೆಯಲ್ಲೇ. ಅರಬ್ಬಿಯಲ್ಲಿ ಹಾಗಲ್ಲ. ಭೂತಕಾಲದಲ್ಲಿ ಆಳಿನ ಗುರುತು ಬಾಲಕ್ಕೆ ಬರುತ್ತದೆ. ವರ್ತಮಾನದಲ್ಲಿ ಅದು ತಲೆಗೆ ಏರುತ್ತದೆ, ಎಷ್ಟು ಜನ, ಗಂಡೋ ಹೆಣ್ಣೋ ಎಂಬುದಷ್ಟೇ ಬಾಲದಲ್ಲಿ ಉಳಿಯುತ್ತದೆ. ಈ ಒಂದು ಸ್ಥಳಾಂತರ ಹಿಡಿತಕ್ಕೆ ಬಂದರೆ, ಮದ್ರಸಾಗಳಲ್ಲಿ ಮಕ್ಕಳು ಗರ್ದಾನ್ ಎಂದು ರಾಗವಾಗಿ ಬಾಯಿಪಾಠ ಮಾಡುವ ಹದಿನಾಲ್ಕು ರೂಪಗಳ ಪಟ್ಟಿ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ.

ಮೊದಲು ಧಾತುವಿನ ಮಾತು. ಅರಬ್ಬಿಯ ಬಹುಪಾಲು ಧಾತುಗಳು ಮೂರು ವ್ಯಂಜನಗಳವು. ಕ್-ತ್-ಬ್ ಬರೆಯುವುದಕ್ಕೆ, ಶ್-ರ್-ಬ್ ಕುಡಿಯುವುದಕ್ಕೆ, ಜ್-ಲ್-ಸ್ ಕೂರುವುದಕ್ಕೆ, ನ್-ಸ್-ರ್ ಸಹಾಯ ಮಾಡುವುದಕ್ಕೆ. ಬರೀ ಈ ಮೂರು ವ್ಯಂಜನಗಳನ್ನು ಉಚ್ಚರಿಸಲು ಆಗುವುದಿಲ್ಲ. ಸ್ವರ ತುಂಬಿದಾಗಲೇ ಪದ ಹುಟ್ಟುತ್ತದೆ. ಎಲ್ಲಕ್ಕಿಂತ ಬರಿದಾದ ರೂಪ ‘ಕತಬ’, ಅಂದರೆ ‘ಅವನು ಬರೆದ’. ಅರಬ್ಬಿ ನಿಘಂಟಿನಲ್ಲಿ ‘ಬರೆಯುವುದು’ ಎಂದು ಹುಡುಕಿದರೆ ಸಿಗುವುದೂ ಇದೇ. ಇದಕ್ಕೆ ತಲೆಯೂ ಇಲ್ಲ, ಬಾಲವೂ ಇಲ್ಲ. ಏನೂ ಅಂಟಿಲ್ಲದಿರುವುದೇ ‘ಅವನು’ ಎಂಬುದರ ಗುರುತು.

ಮೂರು ವ್ಯಂಜನಗಳೂ ಗಟ್ಟಿಯಾಗಿದ್ದರೆ ಮಾತ್ರ ಈ ಲೇಖನದ ಲೆಕ್ಕ ನಡೆಯುತ್ತದೆ. ನಡುವೆ ವ್ ಅಥವಾ ಯ್ ಬಂದರೆ, ಹಂಝ ಎಂಬ ಗಂಟಲ ತಡೆ ಬಂದರೆ, ಎರಡನೆಯದೂ ಮೂರನೆಯದೂ ಒಂದೇ ಆಗಿದ್ದರೆ, ಅವಕ್ಕೆ ಬೇರೆ ನಿಯಮಗಳಿವೆ. ಯಾವ ತೊಂದರೆಯೂ ಇಲ್ಲದ ಧಾತುವನ್ನು ಅರಬ್ಬಿ ವೈಯಾಕರಣರು ಸಾಲಿಮ್ ಎನ್ನುತ್ತಾರೆ, ಆರೋಗ್ಯವಾಗಿರುವುದು ಎಂದು.

ಈಗ ಭೂತಕಾಲದ ಬಾಲಗಳು. ಇವನ್ನು ಉರು ಹೊಡೆಯುವ ಮುನ್ನ ಸರ್ವನಾಮಗಳನ್ನು ಒಮ್ಮೆ ನೋಡಿದರೆ ಅರ್ಧ ಕೆಲಸ ಮುಗಿದಂತೆ. ಗಂಡಸಿಗೆ ನೀನು ಅನ್ನಲು ‘ಅಂತ’, ಹೆಂಗಸಿಗೆ ‘ಅಂತಿ’, ಗಂಡಸರ ಗುಂಪಿಗೆ ‘ಅಂತುಮ್’, ಹೆಂಗಸರ ಗುಂಪಿಗೆ ‘ಅಂತುನ್ನ’. ಮುಂದಿನ ‘ಅಂ’ ಕಳಚಿ, ಉಳಿದದ್ದನ್ನು ಧಾತುವಿಗೆ ಅಂಟಿಸಿ: ಕತಬ್ತ, ಕತಬ್ತಿ, ಕತಬ್ತುಮ್, ಕತಬ್ತುನ್ನ. ನೀನು ಬರೆದೆ, ನೀನು (ಹೆಣ್ಣು) ಬರೆದೆ, ನೀವು ಬರೆದಿರಿ, ನೀವು (ಹೆಂಗಸರು) ಬರೆದಿರಿ. ‘ನಾನು ಬರೆದೆ’ ಅನ್ನಲು ಕತಬ್ತು, ‘ನಾವು ಬರೆದೆವು’ ಅನ್ನಲು ಕತಬ್ನಾ. ಕನ್ನಡದಲ್ಲಿ ಲಿಂಗ ಕಾಣುವುದು ಬರೆದನು, ಬರೆದಳು ಎಂಬಲ್ಲಿ ಮಾತ್ರ. ಎದುರಿಗೆ ಕೂತವರಿಗೆ ‘ನೀನು ಬರೆದೆ’ ಅನ್ನುವಾಗ ನಾವು ಆ ತಂಟೆಗೆ ಹೋಗುವುದಿಲ್ಲ. ಅರಬ್ಬಿಯಲ್ಲಿ ಅಲ್ಲೂ ಆರಿಸಲೇಬೇಕು. ನಾನು, ನಾವು ಎಂಬಲ್ಲಿ ಮಾತ್ರ ಲಿಂಗಭೇದವಿಲ್ಲ. ಮಾತಾಡುವವರು ಹೇಗೂ ಎದುರಿಗೇ ಇರುತ್ತಾರೆ.

ಎದುರಿಗಿಲ್ಲದವರಿಗೆ ಬಾಲಗಳು ಇನ್ನೂ ಚಿಕ್ಕವು. ಅವಳು ಬರೆದಳು ಅನ್ನಲು ಕತಬತ್. ಅವರು ಬರೆದರು ಅನ್ನಲು ಕತಬೂ. ಅವರು ಎಲ್ಲರೂ ಹೆಂಗಸರಾದರೆ ಕತಬ್ನ. ಇಷ್ಟಕ್ಕೇ ಮುಗಿಯಲಿಲ್ಲ, ಶಾಲೆಯಲ್ಲಿ ಸಂಸ್ಕೃತ ಓದಿದವರಿಗೆ ಪಠತಿ, ಪಠತಃ, ಪಠಂತಿ ನೆನಪಿರುತ್ತದೆ, ನಡುವಿನದು ಇಬ್ಬರಿಗೆ. ಅರಬ್ಬಿಯಲ್ಲೂ ದ್ವಿವಚನವಿದೆ. ಅವರಿಬ್ಬರು ಬರೆದರು ಅನ್ನಲು ಕತಬಾ, ಹೆಂಗಸರಿಬ್ಬರಾದರೆ ಕತಬತಾ, ನೀವಿಬ್ಬರು ಎಂದರೆ ಕತಬ್ತುಮಾ. ಇದರಲ್ಲಿ ಗಂಡುಹೆಣ್ಣಿನ ವ್ಯತ್ಯಾಸವಿಲ್ಲ, ಆದರೂ ಸಾಂಪ್ರದಾಯಿಕ ಪಟ್ಟಿಯಲ್ಲಿ ಅದನ್ನೇ ಎರಡು ಸಲ ಹೇಳಿ ಹದಿನಾಲ್ಕರ ಲೆಕ್ಕ ತುಂಬಿಸುತ್ತಾರೆ. ಸಂಸ್ಕೃತದ ಪಟ್ಟಿಯಂತೆ ಇದೂ ‘ಅವನು’ ಎಂಬಲ್ಲಿಂದ ಶುರುವಾಗಿ ‘ನಾವು’ ಎಂಬಲ್ಲಿಗೆ ಮುಗಿಯುತ್ತದೆ. ಇದರಲ್ಲಿ ಪ್ರಯೋಜನವೂ ಇದೆ: ಏನೂ ಅಂಟದ ರೂಪ ಮೊದಲು, ಭಾರದ ರೂಪಗಳು ಆಮೇಲೆ.

ಮೇಲಿನ ರೂಪಗಳನ್ನು ಕನ್ನಡ ಲಿಪಿಯಲ್ಲಿ ಓದುವಾಗ ಒಂದು ಸಂಗತಿ ಕಣ್ಣಿಗೆ ಬಿದ್ದಿರಬೇಕು. ಕತಬ, ಕತಬತ್, ಕತಬೂ ಇವುಗಳಲ್ಲಿ ಒತ್ತಕ್ಷರ ಇಲ್ಲ. ಕತಬ್ತು, ಕತಬ್ತಿ, ಕತಬ್ನಾ ಇವುಗಳಲ್ಲಿ ಇದೆ. ಮೂರನೆಯ ವ್ಯಂಜನದ ಸ್ವರ ಅಲ್ಲಿ ಬಿದ್ದುಹೋಗಿದೆ. ಕತಬ ಎಂಬುದಕ್ಕೆ ‘ತು’ ಸೇರಿಸಿದರೆ ‘ಕತಬತು’ ಆಗಬೇಕಿತ್ತು. ಆಗುವುದಿಲ್ಲ, ಯಾಕೆಂದರೆ ಸ್ವರಸಹಿತವಾದ ನಾಲ್ಕು ಅಕ್ಷರಗಳು ಒಂದೇ ಪದದಲ್ಲಿ ಸಾಲಾಗಿ ಬರುವುದನ್ನು ಅರಬ್ಬಿ ಸಹಿಸುವುದಿಲ್ಲ ಎಂದು ವೈಯಾಕರಣರು ವಿವರಿಸುತ್ತಾರೆ. ಮೂರು ಬರಬಹುದು, ನಾಲ್ಕನೆಯದು ಬರುವ ಮೊದಲು ಎಲ್ಲಾದರೂ ಉಸಿರು ಕಟ್ಟಬೇಕು. ಆದ್ದರಿಂದ ‘ಬ’ ‘ಬ್’ ಆಗುತ್ತದೆ. ವ್ಯಂಜನದಿಂದ ಶುರುವಾಗುವ ಬಾಲ ಬಂದಾಗಲೆಲ್ಲ ಇದು ನಡೆಯುತ್ತದೆ. ಬರೀ ದೀರ್ಘಸ್ವರವೇ ಬಾಲವಾದ ಕತಬೂ, ಕತಬಾಗಳಲ್ಲಿ ಇಲ್ಲ. ಕತಬತಾ ಎಂಬುದು ನಿಯಮ ಮುರಿದಂತೆ ಕಾಣುತ್ತದಲ್ಲ ಎಂದು ಕೇಳುವವರಿಗೆ ವೈಯಾಕರಣರ ಉತ್ತರ ಸಿದ್ಧವಿದೆ: ಅಲ್ಲಿನ ‘ತ್’ ಮೂಲದಲ್ಲಿ ಕತಬತ್ ಎಂಬುದರ ಸ್ವರವಿಲ್ಲದ ತ್, ಮುಂದೆ ‘ಆ’ ಬಂದದ್ದರಿಂದ ತಾತ್ಕಾಲಿಕವಾಗಿ ಸ್ವರ ಪಡೆದಿದೆ.

ಈ ಒಂದು ಸ್ವರ ಬೀಳುವುದು, ಬೀಳದಿರುವುದು ಉಚ್ಚಾರದ ನಯನಾಜೂಕಿನ ವಿಷಯ ಮಾತ್ರ ಎಂದುಕೊಂಡರೆ ಕೆಟ್ಟಂತೆ. ‘ನಸರ್ನಾ’ ಮತ್ತು ‘ನಸರನಾ’ ಎಂಬ ಎರಡು ಮಾತುಗಳನ್ನು ನೋಡಿ. ಮೊದಲನೆಯದಕ್ಕೆ ‘ನಾವು ಸಹಾಯ ಮಾಡಿದೆವು’ ಎಂದು ಅರ್ಥ. ಎರಡನೆಯದಕ್ಕೆ ‘ಅವನು ನಮಗೆ ಸಹಾಯ ಮಾಡಿದ’. ಎರಡರ ಕೊನೆಗೂ ‘ನಾ’ ಇದೆ, ಎರಡೂ ಕಡೆ ಅದರ ಅರ್ಥ ನಮಗೆ ಸಂಬಂಧಿಸಿದ್ದೇ. ಆದರೆ ಒಂದರಲ್ಲಿ ನಾವು ಮಾಡಿದವರು, ಇನ್ನೊಂದರಲ್ಲಿ ಪಡೆದವರು. ಕರ್ತೃವಾಗಿ ಬಂದ ‘ನಾ’ ಕ್ರಿಯಾಪದದ ಅಂಗವೇ ಆಗಿಬಿಡುತ್ತದೆ, ಅದಕ್ಕಾಗಿ ಧಾತು ತನ್ನ ಕೊನೆಯ ಸ್ವರ ಬಿಟ್ಟುಕೊಡುತ್ತದೆ. ಕರ್ಮವಾಗಿ ಬಂದ ‘ನಾ’ ಹೊರಗಿನಿಂದ ಬಂದು ಅಂಟಿಕೊಂಡದ್ದು, ಅದಕ್ಕಾಗಿ ಒಳಗೆ ಯಾವ ಬದಲಾವಣೆಯೂ ಆಗುವುದಿಲ್ಲ. ಸ್ವರಚಿಹ್ನೆಗಳಿಲ್ಲದ ಮಾಮೂಲು ಅರಬ್ಬಿ ಬರಹದಲ್ಲಿ ಈ ಎರಡೂ ಅಕ್ಷರಶಃ ಒಂದೇ. ಕಲಿಯುವವರು ಅವಸರದಲ್ಲಿ ‘ರ್’ ಎಂಬುದನ್ನು ‘ರ’ ಮಾಡಿದರೆ ಉಪಕಾರ ಮಾಡಿದವರೇ ಅದಲುಬದಲಾಗುತ್ತಾರೆ.

ವರ್ತಮಾನಕಾಲಕ್ಕೆ ಬಂದರೆ ತಲೆಯಲ್ಲಿ ಕೂರುವ ಅಕ್ಷರಗಳು ನಾಲ್ಕೇ: ಅ, ನ, ಯ, ತ. ನೆನಪಿಗೆಂದು ವೈಯಾಕರಣರು ಈ ನಾಲ್ಕನ್ನು ಜೋಡಿಸಿ ‘ಅನಯ್ತು’ ಎಂಬ ಪದ ಮಾಡಿದ್ದಾರೆ. ‘ಅ’ ನಾನು, ‘ನ’ ನಾವು. ಅನಾ, ನಹ್ನು ಎಂಬ ಸರ್ವನಾಮಗಳ ಮೊದಲ ಅಕ್ಷರಗಳಂತೆಯೇ ಇವೆ. ‘ಯ’ ಅವನು ಮತ್ತು ಅವರು, ‘ತ’ ನೀನು, ನೀವು, ಜೊತೆಗೆ ಅವಳು. ತಲೆಯಲ್ಲಿ ಒಂದು ಸ್ವರಸಹಿತ ಅಕ್ಷರ ಬಂದ ಕೂಡಲೇ ಹಿಂದಿನ ನಾಲ್ಕರ ಕಾಟ ಮತ್ತೆ ಎದುರಾಗುತ್ತದೆ. ಈ ಸಲ ಸ್ವರ ಕಳೆದುಕೊಳ್ಳುವ ಸರದಿ ಮೊದಲನೆಯ ವ್ಯಂಜನದ್ದು. ಯ + ಕ್ತುಬು, ‘ಯಕ್ತುಬು’, ಅವನು ಬರೆಯುತ್ತಾನೆ. ಭೂತಕಾಲದಲ್ಲಿ ಧಾತುವಿನ ಕೊನೆಗೆ ಬಿದ್ದ ಒತ್ತು ಇಲ್ಲಿ ಧಾತುವಿನ ಮೊದಲಿಗೇ ಬಿದ್ದಿದೆ.

ಅಕ್ತುಬು ಬರೆಯುತ್ತೇನೆ, ನಕ್ತುಬು ಬರೆಯುತ್ತೇವೆ, ಯಕ್ತುಬು ಬರೆಯುತ್ತಾನೆ, ತಕ್ತುಬು ಬರೆಯುತ್ತಾಳೆ. ‘ನೀನು ಬರೆಯುತ್ತೀಯ’ ಎಂದು ಗಂಡಸಿಗೆ ಹೇಳುವುದೂ ತಕ್ತುಬು ಎಂದೇ. ಭೂತಕಾಲದಲ್ಲಿ ಕತಬತ್, ಕತಬ್ತ ಎಂದು ಬೇರೆಬೇರೆ ಇದ್ದ ಇಬ್ಬರು ವರ್ತಮಾನದಲ್ಲಿ ಒಂದೇ ರೂಪಕ್ಕೆ ಬಂದು ಕೂತಿದ್ದಾರೆ. ಇದಕ್ಕೆ ಪರಿಹಾರವಿಲ್ಲ, ಮಾತಿನ ಸಂದರ್ಭದಿಂದಲೇ ತಿಳಿಯಬೇಕು. ಇಬ್ಬರು ಎಂದರೆ ಬಾಲಕ್ಕೆ ‘ಆನಿ’: ಯಕ್ತುಬಾನಿ, ತಕ್ತುಬಾನಿ. ಗಂಡಸರ ಅಥವಾ ಬೆರಕೆ ಗುಂಪಿಗೆ ‘ಊನ’: ಯಕ್ತುಬೂನ ಅವರು ಬರೆಯುತ್ತಾರೆ, ತಕ್ತುಬೂನ ನೀವು ಬರೆಯುತ್ತೀರಿ. ಎದುರಿನ ಒಬ್ಬ ಹೆಂಗಸಿಗೆ ‘ಈನ’: ತಕ್ತುಬೀನ. ಹೆಂಗಸರ ಗುಂಪಿಗೆ ಬರೀ ‘ನ’: ಯಕ್ತುಬ್ನ, ತಕ್ತುಬ್ನ. ಹೀಗೆ ಹದಿನಾಲ್ಕು ಮನೆಗಳಲ್ಲಿ ನಿಜವಾಗಿ ಬೇರೆಬೇರೆ ಇರುವ ರೂಪಗಳು ಭೂತಕಾಲದಲ್ಲಿ 13, ವರ್ತಮಾನದಲ್ಲಿ 11 ಮಾತ್ರ.

ಬಾಲದಲ್ಲಿ ಕೂತ ಎರಡು ‘ನ’ಗಳು ನೋಡಲು ಒಂದೇ, ಗುಣದಲ್ಲಿ ಬೇರೆ. ಇದನ್ನು ತಿಳಿಯಲು ‘ಲಮ್’ ಎಂಬ ಪುಟ್ಟ ಪದವನ್ನು ಕರೆದು ತಂದರೆ ಸಾಕು. ಅರಬ್ಬಿಯಲ್ಲಿ ‘ಬರೆಯಲಿಲ್ಲ’ ಅನ್ನುವ ಒಂದು ದಾರಿ, ವರ್ತಮಾನದ ರೂಪದ ಮುಂದೆ ಲಮ್ ಹಾಕುವುದು. ಆಗ ಕೊನೆಯ ‘ಉ’ ಬಿದ್ದುಹೋಗುತ್ತದೆ. ಯಕ್ತುಬು ಬರೆಯುತ್ತಾನೆ, ‘ಲಮ್ ಯಕ್ತುಬ್’ ಬರೆಯಲಿಲ್ಲ. ಯಕ್ತುಬೂನ ಎಂಬುದರ ಕೊನೆಯ ‘ನ’ ಕೂಡ ಹಾಗೇ ಬೀಳುತ್ತದೆ: ‘ಲಮ್ ಯಕ್ತುಬೂ’. ಹೆಂಗಸರ ಯಕ್ತುಬ್ನ ಮಾತ್ರ ಅಲುಗಾಡುವುದಿಲ್ಲ: ‘ಲಮ್ ಯಕ್ತುಬ್ನ’. ಮೊದಲನೆಯದರಲ್ಲಿ ಕರ್ತೃ ‘ಊ’, ಅದರ ಹಿಂದಿನ ‘ನ’ ಬರೀ ವಿಭಕ್ತಿಯಂಥ ಗುರುತು. ಎರಡನೆಯದರಲ್ಲಿ ‘ನ’ ಎಂಬುದೇ ಕರ್ತೃ, ಅದನ್ನು ತೆಗೆದರೆ ಬರೆಯುವವರೇ ಉಳಿಯುವುದಿಲ್ಲ.

ವಿಭಕ್ತಿಯಂಥ ಎಂದದ್ದು ಸುಮ್ಮನೆ ಅಲ್ಲ. 8ನೇ ಶತಮಾನದಲ್ಲಿ ಬಸ್ರಾದಲ್ಲಿ ಪಾಠ ಕಲಿತ ಪರ್ಷಿಯಾ ಮೂಲದ ಸೀಬವೈಹಿ ಅರಬ್ಬಿಯ ಮೊದಲ ಮಹಾ ವ್ಯಾಕರಣವನ್ನು ಬರೆದ. ಆ ಗ್ರಂಥವನ್ನು ಇಂದಿಗೂ ಬರೀ ‘ಅಲ್-ಕಿತಾಬ್’ ಎಂದು ಕರೆಯುತ್ತಾರೆ. ವರ್ತಮಾನದ ರೂಪಕ್ಕೆ ಆ ಪರಂಪರೆಯಲ್ಲಿ ‘ಮುದಾರಿಅ್’ ಎಂದು ಹೆಸರು, ಹೋಲುವಂಥದ್ದು ಎಂದು. ಹೋಲುವುದು ನಾಮಪದವನ್ನು: ನಾಮಪದದ ಕೊನೆಯ ಸ್ವರ ವಿಭಕ್ತಿಗೆ ತಕ್ಕಂತೆ ಬದಲಾಗುವ ಹಾಗೆ ಇದರ ಕೊನೆಯ ಸ್ವರವೂ ಮುಂದೆ ಬರುವ ಪದಕ್ಕೆ ತಕ್ಕಂತೆ ಬದಲಾಗುತ್ತದೆ. ಅಂದರೆ ಆ ಹೆಸರಿನಲ್ಲಿ ಕಾಲದ ಸುದ್ದಿಯೇ ಇಲ್ಲ. ಇದು ಒಳ್ಳೆಯದೇ, ಏಕೆಂದರೆ ಯಕ್ತುಬು ಎಂಬುದು ಬರೆಯುತ್ತಾನೆ, ಬರೆಯುತ್ತಿದ್ದಾನೆ, ಬರೆಯುವನು ಎಲ್ಲಕ್ಕೂ ಸಲ್ಲುತ್ತದೆ, ಲಮ್ ಬಂದರೆ ಭೂತಕ್ಕೂ ಸಲ್ಲುತ್ತದೆ. ಭವಿಷ್ಯ ಎಂದು ಖಚಿತ ಮಾಡಬೇಕಿದ್ದರೆ ತಲೆಯ ಮುಂದೆ ಇನ್ನೊಂದು ‘ಸ’ ಇಟ್ಟು ‘ಸಯಕ್ತುಬು’ ಎನ್ನುತ್ತಾರೆ.

ಇಷ್ಟು ಹೊತ್ತು ನಾನು ಜಾಣತನದಿಂದ ಒಂದು ಕಷ್ಟ ಮುಚ್ಚಿಟ್ಟಿದ್ದೆ. ಕತಬ ಎಂಬುದರ ವರ್ತಮಾನ ಯಕ್ತುಬು. ನಡುವಿನ ‘ತ’ ‘ತು’ ಆಯಿತು. ಆದರೆ ಜಲಸ, ಕೂತ ಎಂಬುದರ ವರ್ತಮಾನ ಯಜ್ಲಿಸು. ಫತಹ, ತೆರೆದ ಎಂಬುದರದ್ದು ಯಫ್ತಹು. ತಲೆ ಬಾಲಗಳೆಲ್ಲ ಎಲ್ಲ ಧಾತುಗಳಿಗೂ ಒಂದೇ, ನಡುವಿನ ಸ್ವರ ಮಾತ್ರ ಧಾತುವಿನ ಸ್ವಂತ ಆಸ್ತಿ. ಅದನ್ನು ಊಹಿಸಲು ಪೂರ್ತಿ ಬರುವುದಿಲ್ಲ, ನಿಘಂಟು ನೋಡಬೇಕು. ಅರಬ್ಬಿ ಕಲಿಯುವವರ ಕೈಯಲ್ಲಿ ಸಾಮಾನ್ಯವಾಗಿರುವ, ಹಾನ್ಸ್ ವೇರ್ ಎಂಬ ಜರ್ಮನ್ ವಿದ್ವಾಂಸನ ನಿಘಂಟಿನಲ್ಲಿ ಕತಬ ಎಂಬುದರ ಪಕ್ಕ ಒಂದೇ ಒಂದು ಅಕ್ಷರ, ‘ಉ’ ಎಂಬುದಕ್ಕೆ ಸಮನಾದದ್ದು, ಅಚ್ಚಾಗಿರುತ್ತದೆ. ವರ್ತಮಾನದ ನಡುಸ್ವರ ಅದು ಎಂದರ್ಥ. ಅಷ್ಟು ಗೊತ್ತಾದರೆ ಉಳಿದದ್ದೆಲ್ಲ ನೀವೇ ಕಟ್ಟಬಹುದು.

ಆದರೂ ಕೆಲವು ಸುಳಿವುಗಳುಂಟು. ಭೂತಕಾಲದಲ್ಲೇ ನಡುವೆ ‘ಇ’ ಇದ್ದರೆ, ಶರಿಬ (ಕುಡಿದ) ಎಂಬಂತೆ, ವರ್ತಮಾನದಲ್ಲಿ ಬಹುಮಟ್ಟಿಗೆ ‘ಅ’ ಬರುತ್ತದೆ: ಯಶ್ರಬು. ನಡುವೆ ‘ಉ’ ಇದ್ದರೆ, ಕರುಮ (ಉದಾರಿಯಾದ) ಎಂಬಂತೆ, ‘ಉ’ ಹಾಗೇ ಉಳಿಯುತ್ತದೆ: ಯಕ್ರುಮು. ಕಷ್ಟ ಕೊಡುವುದು ‘ಅ’ ಇರುವ ಗುಂಪು, ಅದೇ ದೊಡ್ಡದು. ಅದರಲ್ಲಿ ಎರಡನೆಯ ಅಥವಾ ಮೂರನೆಯ ವ್ಯಂಜನ ಗಂಟಲಿನದಾಗಿದ್ದರೆ ವರ್ತಮಾನದಲ್ಲೂ ‘ಅ’ ಉಳಿಯುವ ಸಾಧ್ಯತೆ ಹೆಚ್ಚು. ಗಂಟಲು ಅಗಲವಾಗಿ ತೆರೆಯುವ ಅಕ್ಷರಗಳ ಪಕ್ಕದಲ್ಲಿ ಅಗಲವಾದ ಸ್ವರವೇ ಹಾಯಾಗಿ ಕೂರುತ್ತದೆ. ಫತಹ, ಯಫ್ತಹು ಹಾಗೆ ಆದದ್ದು. ಬಹಥ (ಹುಡುಕಿದ), ಯಬ್ಹಥು ಕೂಡ. ಆದರೆ ಇದನ್ನು ತಿರುಗಿಸಿ ನಂಬಬಾರದು. ದಖಲ (ಒಳಹೊಕ್ಕ, ನಮ್ಮ ಕಚೇರಿಗಳ ದಾಖಲೆಗೂ ಇದೇ ಧಾತು) ಎಂಬುದರ ನಡುವೆ ಗಂಟಲಿನ ‘ಖ’ ಇದ್ದೂ ವರ್ತಮಾನ ಯದ್ಖುಲು. ಗಂಟಲಕ್ಷರ ಇದ್ದರೆ ‘ಅ’ ಇರಬಹುದು, ಇಲ್ಲದಿದ್ದರೆ ‘ಉ’ ಅಥವಾ ‘ಇ’ ಇದ್ದೇ ಇರುತ್ತದೆ. ಅಷ್ಟಕ್ಕೆ ನಿಲ್ಲಿಸುವುದು ಕ್ಷೇಮ.

ಒಂದು ಧಾತುವನ್ನು ಹಿಡಿದು ನಡೆಸಿ ನೋಡೋಣ. ಮನೆಗೆ ಬಂದ ಗೆಳತಿಯನ್ನು ‘ಕಾಫಿ ಕುಡಿಯುತ್ತೀಯಾ?’ ಎಂದು ಕೇಳಬೇಕು. ಧಾತು ಶ್-ರ್-ಬ್, ನಿಘಂಟಿನ ರೂಪ ಶರಿಬ, ವರ್ತಮಾನದ ನಡುಸ್ವರ ‘ಅ’. ಎದುರಿಗಿರುವವಳು, ಆದ್ದರಿಂದ ತಲೆಗೆ ‘ತ’. ತಲೆ ಬಂತು, ಮೊದಲ ವ್ಯಂಜನ ಸ್ವರ ಬಿಟ್ಟಿತು: ತಶ್ರಬ್. ಹೆಂಗಸು, ಒಬ್ಬಳು, ಬಾಲಕ್ಕೆ ‘ಈನ’: ತಶ್ರಬೀನ. ಪ್ರಶ್ನೆಗೆ ಮುಂದೆ ‘ಹಲ್’. ‘ಹಲ್ ತಶ್ರಬೀನ ಅಲ್-ಕಹ್ವ?’ ಅವಳು ಆಗಲೇ ಕುಡಿದು ಬಂದಿದ್ದರೆ ‘ಶರಿಬ್ತುಹಾ’ ಅನ್ನುತ್ತಾಳೆ, ಅದನ್ನು ಕುಡಿದೆ ಎಂದು. ಇಲ್ಲಿ ‘ಇ’ ನಡುವೆಯೇ ಉಳಿದಿದೆ, ಏಕೆಂದರೆ ಇದು ಭೂತಕಾಲ. ‘ಬ’ ‘ಬ್’ ಆಗಿದೆ, ಏಕೆಂದರೆ ‘ತು’ ಕರ್ತೃ. ಅದರ ಹಿಂದೆ ಬಂದ ‘ಹಾ’ ಕರ್ಮ, ಅರಬ್ಬಿಯಲ್ಲಿ ಕಾಫಿ ಸ್ತ್ರೀಲಿಂಗವಾದ್ದರಿಂದ ‘ಹಾ’. ಅದು ಅಂಟಿದ್ದಕ್ಕೆ ‘ತು’ ಏನೂ ಕಳೆದುಕೊಂಡಿಲ್ಲ. ಕುಡಿದಿಲ್ಲವಾದರೆ ‘ಲಮ್ ಅಶ್ರಬ್’. ನೀವು ಅಚ್ಚರಿಯಿಂದ ‘ಕುಡಿಯಲಿಲ್ಲವೇ?’ ಅನ್ನುವುದಾದರೆ ‘ಲಮ್ ತಶ್ರಬೀ?’: ಈನ ಎಂಬುದರ ‘ನ’ ಬಿತ್ತು, ‘ಈ’ ಉಳಿಯಿತು. ಹೊಸಬರು ಇಲ್ಲಿ ಸಾಮಾನ್ಯವಾಗಿ ತಪ್ಪುವುದು ಎರಡು ಕಡೆ. ‘ಶರಬ್ತು’ ಎಂದು ನಡುಸ್ವರ ಕೆಡಿಸುತ್ತಾರೆ, ಇಲ್ಲವೇ ಹೆಂಗಸಿಗೂ ‘ತಶ್ರಬು’ ಎಂದುಬಿಡುತ್ತಾರೆ. ಎರಡನೆಯದಕ್ಕೆ ಗೆಳತಿ ನಕ್ಕುಬಿಡಬಹುದು.

ಕ್ರಿಯಾಪದ ವಾಕ್ಯದೊಳಗೆ ಹೋಗುವಾಗ ಇನ್ನೊಂದು ತೊಡಕು ಕಾದಿರುತ್ತದೆ. ಅರಬ್ಬಿಯಲ್ಲಿ ಕ್ರಿಯಾಪದ ಮೊದಲು, ಕರ್ತೃ ಆಮೇಲೆ ಬರುವುದು ವಾಡಿಕೆ. ‘ಹುಡುಗರು ಬರೆದರು’ ಎಂಬುದು ಗ್ರಂಥಸ್ಥ ಅರಬ್ಬಿಯಲ್ಲಿ ‘ಕತಬ ಅಲ್-ಅವ್ಲಾದು’, ಅಂದರೆ ಅಕ್ಷರಶಃ ಬರೆದನು ಹುಡುಗರು. ಕತಬೂ ಅನ್ನುವಂತಿಲ್ಲ. ಹುಡುಗರನ್ನು ಮುಂದೆ ತಂದರೆ ಮಾತ್ರ ‘ಅಲ್-ಅವ್ಲಾದು ಕತಬೂ’ ಸರಿ. ಇದೆಂಥ ವಿಚಿತ್ರ ಅನಿಸಬಹುದು. ವೈಯಾಕರಣರ ಕಣ್ಣಲ್ಲಿ ಕತಬೂ ಎಂಬುದರ ‘ಊ’ ಬಹುವಚನದ ಬರೀ ಗುರುತಲ್ಲ, ಅದೇ ಕರ್ತೃ, ‘ಅವರು’ ಎಂಬ ಸರ್ವನಾಮ. ಒಂದು ಕ್ರಿಯೆಗೆ ಕರ್ತೃ ಸ್ಥಾನ ಒಂದೇ. ಅಲ್ಲಿ ‘ಊ’ ಆಗಲೇ ಕೂತಿದ್ದರೆ ಹುಡುಗರಿಗೆ ಜಾಗವಿಲ್ಲ. ‘ಕತಬತ್ ಫಾತಿಮ’ ಎಂದು ಹೇಳಬಹುದು, ಏಕೆಂದರೆ ಅಲ್ಲಿನ ‘ತ್’ ಕರ್ತೃವಲ್ಲ, ಬರೆದದ್ದು ಹೆಣ್ಣು ಎಂಬ ಬರೀ ಸೂಚನೆ.

ಈ ನಿಯಮವನ್ನು ಮೀರಿ ಆಡುತ್ತಿದ್ದ ಅರಬರೂ ಇದ್ದರು. ಅವರ ನುಡಿಗೆ ವ್ಯಾಕರಣ ಗ್ರಂಥಗಳು ಕೊಟ್ಟ ಹೆಸರು ‘ಅಕಲೂನೀ ಅಲ್-ಬರಾಗೀಥ್ ಭಾಷೆ’. ಅರ್ಥ: ನನ್ನನ್ನು ತಿಂದರು ಚಿಗಟಗಳು. ಹಾಸಿಗೆಯಲ್ಲಿ ಪರಚಿಕೊಳ್ಳುತ್ತಿದ್ದ ಯಾವನೋ ಒಬ್ಬನ ಗೋಳು ವ್ಯಾಕರಣದ ಪಾರಿಭಾಷಿಕ ಪದವಾಗಿ ಉಳಿದುಕೊಂಡಿದೆ. ಅಲ್ಲಿ ‘ಊ’ ಒಂದು ಕರ್ತೃ, ಚಿಗಟಗಳು ಇನ್ನೊಂದು, ಮೇಲಾಗಿ ಚಿಗಟಗಳಿಗೆ ಮನುಷ್ಯರಿಗೆ ಸಲ್ಲುವ ‘ಊ’ ಕೊಟ್ಟಿದ್ದಾನೆ. ಮನುಷ್ಯರಲ್ಲದವುಗಳ ಬಹುವಚನಕ್ಕೆ ಅರಬ್ಬಿ ಏಕವಚನದ ಹೆಣ್ಣಿನ ಗುರುತು ಕೊಡುತ್ತದೆ. ವ್ಯಾಕರಣ ಪಾಲಿಸುವವನು ಪರಚಿಕೊಳ್ಳುತ್ತಲೂ ‘ಅಕಲತ್ನೀ’ ಅನ್ನಬೇಕಿತ್ತು.

ಕಣ್ಣಿಂದ ಓದುವಾಗಿನ ಕಷ್ಟ ಬೇರೆಯೇ. ಪತ್ರಿಕೆಗಳಲ್ಲಿ, ಕಾದಂಬರಿಗಳಲ್ಲಿ ಅರಬ್ಬಿಯನ್ನು ಹ್ರಸ್ವಸ್ವರಗಳಿಲ್ಲದೆ ಅಚ್ಚು ಮಾಡುತ್ತಾರೆ. ಕ್-ತ್-ಬ್-ತ್ ಎಂದು ನಾಲ್ಕು ಅಕ್ಷರ ಕಂಡರೆ ಅದು ಕತಬ್ತು ಇರಬಹುದು, ಕತಬ್ತ ಇರಬಹುದು, ಕತಬ್ತಿ ಇರಬಹುದು, ಕತಬತ್ ಕೂಡ ಇರಬಹುದು: ಬರೆದೆನೋ, ಬರೆದೆಯೋ, ಬರೆದಳೋ. ಅರಬ ಓದುಗರು ಮುಂದಿನ ಪದ ನೋಡಿ ತೀರ್ಮಾನಿಸುತ್ತಾರೆ. ಹಿಂದೆಯೇ ಒಂದು ಸ್ತ್ರೀನಾಮ ಬಂದರೆ ಕತಬತ್. ಪತ್ರದಲ್ಲಿ ‘ನಿನಗೆ’ ಎಂದು ಬಂದರೆ ಕತಬ್ತು. ಎದುರಿನವರನ್ನು ಸಂಬೋಧಿಸಿದ ಮಾತಿನೊಳಗಿದ್ದರೆ ಕತಬ್ತ ಅಥವಾ ಕತಬ್ತಿ. ದೀರ್ಘಸ್ವರಗಳು ಮಾತ್ರ ಬರಹದಲ್ಲಿ ಕಾಣುತ್ತವೆ, ಹಾಗಾಗಿ ‘ಊ’, ‘ಈನ’, ‘ಆನಿ’ ಬಾಲಗಳು ಮೋಸ ಮಾಡುವುದಿಲ್ಲ. ಕತಬೂ ಎಂಬುದರ ಕೊನೆಗಂತೂ ಉಚ್ಚಾರವೇ ಇಲ್ಲದ ಒಂದು ಅಲಿಫ್ ಅನ್ನು ಬರೆಯುತ್ತಾರೆ, ಇದು ಬಹುವಚನದ ಬಾಲ ಎಂದು ಕಣ್ಣಿಗೆ ಸನ್ನೆ ಮಾಡಲು.

ಇಲ್ಲಿಯವರೆಗೆ ಹೇಳಿದ್ದೆಲ್ಲ ಬರಹದ, ಭಾಷಣದ, ಸುದ್ದಿವಾಚನದ ಅರಬ್ಬಿ. ಬೀದಿಯಲ್ಲಿ ಕೊನೆಯ ಹ್ರಸ್ವಸ್ವರಗಳು ಉದುರಿಹೋಗಿವೆ, ಕ್ರಿಯಾಪದದ ದ್ವಿವಚನ ಮರೆಯಾಗಿದೆ. ಕೈರೋದಲ್ಲಿ ಕತಬ್ತು, ಕತಬ್ತ ಎರಡೂ ಸವೆದು ‘ಕತಬ್ತ್’ ಆಗಿ, ‘ನಾನು’ ‘ನೀನು’ ಒಂದೇ ರೂಪವಾಗಿರುವುದರಿಂದ, ಮೂಲದಲ್ಲಿ ಬೇಡವಾಗಿದ್ದ ಸರ್ವನಾಮ ಮತ್ತೆ ಬೇಕಾಗುತ್ತದೆ. ಅಲ್ಲಿ ವರ್ತಮಾನದ ತಲೆಯ ಮುಂದೆ ಇನ್ನೊಂದು ‘ಬ’ ಸೇರಿ ‘ಬಕ್ತಿಬ್’, ‘ಬಿಯಿಕ್ತಿಬ್’ ಎಂದಾಗುತ್ತದೆ, ಬರೆಯುತ್ತೇನೆ, ಬರೆಯುತ್ತಾನೆ ಎಂದು. ಗಲ್ಫಿನ ಸ್ಥಳೀಯರು ಇದಕ್ಕಿಂತ ಪುಸ್ತಕಕ್ಕೆ ಹತ್ತಿರ: ಹೆಂಗಸಿಗೆ ‘ತಿಕ್ತಿಬೀನ್’, ಅವರು ಎಂಬುದಕ್ಕೆ ‘ಯಿಕ್ತಿಬೂನ್’ ಎಂದು ಬಾಲದ ‘ನ್’ ಉಳಿಸಿಕೊಂಡಿದ್ದಾರೆ. ನಮ್ಮವರು ಅಲ್ಲಿ ‘ಯ’ ಒಂದನ್ನೇ ಎಲ್ಲರಿಗೂ ಬಳಸಿದರೂ ಮಾಲೀಕ ತನ್ನ ಮನೆಯಲ್ಲಿ ನಾಲ್ಕೂ ತಲೆಗಳನ್ನು ಬಳಸಿಯೇ ಮಾತಾಡುತ್ತಾನೆ.

ಪಶ್ಚಿಮಕ್ಕೆ, ಮೊರಾಕೊ ಕಡೆಗೆ ಹೋದರೆ ತಲೆಗಳೇ ಬದಲಾಗಿವೆ. ಅಲ್ಲಿ ‘ನ’ ಎಂಬುದು ನಾವು ಅಲ್ಲ, ನಾನು: ‘ನೆಕ್ತೆಬ್’, ಬರೆಯುತ್ತೇನೆ. ‘ನಾವು’ ಬೇಕಾದರೆ ಅದೇ ‘ನ’ಕಾರಕ್ಕೆ ಬಾಲದಲ್ಲಿ ‘ಊ’ ಸೇರಿಸುತ್ತಾರೆ: ‘ನ್ಕೆತ್ಬು’. ಅರಬ್ಬಿಯಿಂದ ಕವಲೊಡೆದು ಈಗ ರೋಮನ್ ಲಿಪಿಯಲ್ಲಿ ಬರೆಯುವ ಮಾಲ್ಟೀಸ್ ಭಾಷೆಯಲ್ಲೂ ಇದೇ ಪದ್ಧತಿ, ‘ನಿಕ್ತೆಬ್’ ನಾನು, ‘ನಿಕ್ತ್ಬು’ ನಾವು. ಪುಸ್ತಕದ ಅರಬ್ಬಿ ಕಲಿತವರೊಬ್ಬರು ಕಾಸಾಬ್ಲಾಂಕಾದ ಅಂಗಡಿಯಲ್ಲಿ ನಾಲ್ಕು ಜನರ ಪರವಾಗಿ, ಕೊನೆಯ ‘ಉ’ ನುಂಗಿ, ‘ನಶ್ರಬ್ ಕಹ್ವ’ ಎಂದು ಹೇಳಿದರೆ, ಮೇಜಿಗೆ ಒಂದೇ ಕಪ್ ಕಾಫಿ ಬರುವ ಸಾಧ್ಯತೆ ಇದೆ.